ನಲ್ಲಿ ಇದೆ, ನೀರು ಬರುತ್ತದೆಯೇ?: ಸಚಿವರ ಎದುರು ಕೂರುವ ಮುನ್ನ

1997ರ ಮೇ 13ರ ರಾತ್ರಿ ಬಿಬಿಸಿಯ ‘ನ್ಯೂಸ್‌ನೈಟ್’ ಕಾರ್ಯಕ್ರಮದಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಅವರು ಮೈಕೆಲ್ ಹೊವಾರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಬಿಡದೆ ಕೇಳಿದರು. ಹನ್ನೆರಡು ಸಲ ಕೇಳಿದರೆಂಬುದು ವಾಡಿಕೆಯ ಲೆಕ್ಕ. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಹೊವಾರ್ಡ್ ಅವರ ಪಕ್ಷ ಚುನಾವಣೆಯಲ್ಲಿ ಸೋತಿತ್ತು. ಅದುವರೆಗೆ ಅವರು ಬ್ರಿಟನ್ನಿನ ಗೃಹ ಸಚಿವರು. ಈಗ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದರು. ಸಂದರ್ಶನ ಕಲಿಸುವ ಕಡೆಯಲ್ಲೆಲ್ಲ ಆ ತುಣುಕನ್ನು ತೋರಿಸುತ್ತಾರೆ. ಆದರೆ ನೋಡಿದವರಲ್ಲಿ ಹೆಚ್ಚಿನವರು ಅದರಿಂದ ಕಲಿಯುವುದು ಹಟವನ್ನು. ಕಲಿಯಬೇಕಾದದ್ದು ಬೇರೆ ಇದೆ.

ಹಿನ್ನೆಲೆ ಇಷ್ಟು. 1995ರ ಜನವರಿಯಲ್ಲಿ ಪಾರ್ಕ್‌ಹರ್ಸ್ಟ್ ಎಂಬ ಬಿಗಿ ಭದ್ರತೆಯ ಜೈಲಿನಿಂದ ಮೂವರು ಕೈದಿಗಳು ತಪ್ಪಿಸಿಕೊಂಡರು. ಆ ಜೈಲಿನ ಮುಖ್ಯಸ್ಥರನ್ನು ಏನು ಮಾಡಬೇಕೆಂಬ ಬಗ್ಗೆ ಸಚಿವ ಹೊವಾರ್ಡ್ ಅವರಿಗೂ ಕಾರಾಗೃಹ ಇಲಾಖೆಯ ಮಹಾನಿರ್ದೇಶಕ ಡೆರೆಕ್ ಲೂಯಿಸ್ ಅವರಿಗೂ ತಿಕ್ಕಾಟವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಲೂಯಿಸ್ ಅವರನ್ನೇ ಸಚಿವರು ವಜಾ ಮಾಡಿದರು. ನೀತಿ ರೂಪಿಸುವುದು ಸಚಿವರ ಕೆಲಸ, ದಿನನಿತ್ಯದ ಆಡಳಿತ ಮಹಾನಿರ್ದೇಶಕರದು ಎಂಬ ಏರ್ಪಾಡು ಅಲ್ಲಿತ್ತು. ಹಾಗಾಗಿ ಹೊವಾರ್ಡ್ ಹೇಳುತ್ತ ಬಂದದ್ದು ಒಂದೇ ಮಾತು: ಆದೇಶ ಕೊಡುವ ಅಧಿಕಾರ ನನಗಿರಲಿಲ್ಲ, ನಾನು ಆದೇಶ ಕೊಡಲೂ ಇಲ್ಲ.

ಪ್ಯಾಕ್ಸ್‌ಮನ್ ಕೇಳಿದ್ದು ಆದೇಶದ ಬಗ್ಗೆ ಅಲ್ಲ. ‘ನಿಮ್ಮ ಮಾತನ್ನು ತಳ್ಳಿಹಾಕುತ್ತೇನೆ ಎಂದು ಲೂಯಿಸ್ ಅವರನ್ನು ಬೆದರಿಸಿದಿರಾ?’ ಎಂದು ಅವರು ಕೇಳಿದರು. ಆದೇಶ ಬೇರೆ, ಬೆದರಿಕೆ ಬೇರೆ. ಹೊವಾರ್ಡ್ ಪ್ರತಿ ಸಲವೂ ಮೊದಲನೆಯದನ್ನು ಅಲ್ಲಗಳೆದರು, ಎರಡನೆಯದನ್ನು ಮುಟ್ಟಲೇ ಇಲ್ಲ. ಮುಂದಿನ ವರದಿ ಪ್ರಸಾರಕ್ಕೆ ಇನ್ನೂ ಸಿದ್ಧವಾಗಿರಲಿಲ್ಲ, ಅದಕ್ಕೇ ಅದನ್ನೇ ಕೇಳುತ್ತ ಹೋದೆ ಎಂದು ಪ್ಯಾಕ್ಸ್‌ಮನ್ ಆಮೇಲೆ ಹೇಳಿಕೊಂಡಿದ್ದಾರೆ. ಇರಬಹುದು. ಆದರೆ ಹನ್ನೆರಡು ಸಲ ಕೇಳಿದರೂ ಆ ಪ್ರಶ್ನೆ ಸವೆಯಲಿಲ್ಲ. ಸಚಿವರು ಎಚ್ಚರದಿಂದ ಆರಿಸಿಕೊಂಡ ಒಂದು ಪದಕ್ಕೂ ನಡೆದ ಸಂಗತಿಗೂ ನಡುವೆ ಇದ್ದ ಸಂದಿಯನ್ನು ಅದು ಹುಡುಕಿ ಹಿಡಿದಿತ್ತು. ಕಟು ಸಂದರ್ಶನದ ತಯಾರಿ ಎಂದು ನಾನು ಹೇಳುವುದು ಆ ಸಂದಿಯನ್ನು ಮೊದಲೇ ಗುರುತಿಸಿಕೊಳ್ಳುವ ಕೆಲಸವನ್ನು. ದನಿ ಏರಿಸಿದರೆ ಅದು ಸಿಗುವುದಿಲ್ಲ, ಕಾಗದ ಓದಿದರೆ ಸಿಗುತ್ತದೆ.

ನಮ್ಮ ಕಡೆಯ ಒಂದು ವಿಷಯ ಇಟ್ಟುಕೊಂಡು ಇದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಜಲಜೀವನ್ ಮಿಷನ್, ಕರ್ನಾಟಕದಲ್ಲಿ ಅದರ ಹೆಸರು ‘ಮನೆ ಮನೆಗೆ ಗಂಗೆ’. ಕುಡಿಯುವ ನೀರಿನ ಹೊಣೆ ಹೊತ್ತ ಸಚಿವರೊಬ್ಬರು ಇಪ್ಪತ್ತು ನಿಮಿಷ ಸಮಯ ಕೊಟ್ಟಿದ್ದಾರೆ ಎಂದುಕೊಳ್ಳಿ. ಸಚಿವರು, ಊರು, ಸಂಭಾಷಣೆ ಎಲ್ಲ ವಿವರಿಸುವುದಕ್ಕಾಗಿ ಕಟ್ಟಿಕೊಂಡದ್ದು. ಯೋಜನೆಯ ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಒಂದೇ ಆರೋಪ, ಒಂದೇ ವಾಕ್ಯ

ಹೊಸ ವರದಿಗಾರರು ಸಾಮಾನ್ಯವಾಗಿ ಮೂವತ್ತು ಪ್ರಶ್ನೆ ಬರೆದುಕೊಂಡು ಬರುತ್ತಾರೆ. ಕಾಮಗಾರಿ ಕಳಪೆ, ರಸ್ತೆ ಅಗೆದು ಮುಚ್ಚಿಲ್ಲ, ಗುತ್ತಿಗೆದಾರರಿಗೆ ಬಿಲ್ ಆಗಿಲ್ಲ, ನೀರು ಬರುತ್ತಿಲ್ಲ, ಕೇಂದ್ರದಿಂದ ಹಣ ಬಂದಿಲ್ಲ. ಇಪ್ಪತ್ತು ನಿಮಿಷದಲ್ಲಿ ಇಷ್ಟನ್ನೂ ಕೇಳಿದರೆ ಸಚಿವರಿಗೇ ಅನುಕೂಲ. ಒಂದೊಂದಕ್ಕೂ ಅರ್ಧ ಉತ್ತರ ಕೊಟ್ಟು ಮುಂದೆ ಸಾಗುತ್ತಾರೆ. ಹಾಗಾಗಿ ಮೊದಲು ಆರೋಪವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು: ‘ನೀರು ಬಾರದ ಮನೆಗಳನ್ನೂ ಸರ್ಕಾರ ನೀರು ಕೊಟ್ಟ ಮನೆಗಳ ಲೆಕ್ಕಕ್ಕೆ ಸೇರಿಸಿದೆ, ಇದು ಸಚಿವರಿಗೆ ಗೊತ್ತಿತ್ತು.’

ಈ ವಾಕ್ಯದಲ್ಲಿ ಎರಡು ಭಾಗ ಇವೆ. ಲೆಕ್ಕ ತಪ್ಪು ಎಂಬುದು ಒಂದು, ಸಚಿವರಿಗೆ ಗೊತ್ತಿತ್ತು ಎಂಬುದು ಇನ್ನೊಂದು. ಎರಡನೆಯದಕ್ಕೆ ಕಾಗದ ಇಲ್ಲದಿದ್ದರೆ ಸಚಿವರು ಒಂದೇ ಮಾತಿನಲ್ಲಿ ಪಾರಾಗುತ್ತಾರೆ: ‘ಅಧಿಕಾರಿಗಳಿಂದ ವರದಿ ತರಿಸ್ಕೊಂಡು ನೋಡ್ತೀನಿ.’ ಹೊವಾರ್ಡ್ ಹಿಂದೆ ನಿಂತ ಗೋಡೆಯೇ ಇದು. ನೀತಿ ನನ್ನದು, ಆಡಳಿತ ಅವರದು. ಆದ್ದರಿಂದ ಹುಡುಕಬೇಕಾದದ್ದು ಇಲಾಖೆಯ ಕಾಗದವನ್ನಷ್ಟೇ ಅಲ್ಲ, ಸಚಿವರ ಸ್ವಂತ ಸಹಿ ಅಥವಾ ಸ್ವಂತ ಮಾತು ಇರುವ ಕಾಗದವನ್ನು.

ಅದು ಎಲ್ಲಿ ಸಿಗುತ್ತದೆ? ನನ್ನ ಅನುಭವದಲ್ಲಿ ಮೊದಲ ಜಾಗ ಸದನ. ವಿಧಾನಸಭೆಯಲ್ಲೂ ಪರಿಷತ್ತಿನಲ್ಲೂ ಸದಸ್ಯರು ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗೂ ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಉತ್ತರ ಕೊಡುವುದು ಸಚಿವರ ಹೆಸರಿನಲ್ಲಿ. ಚುಕ್ಕೆ ಗುರುತಿನದಕ್ಕೆ ಸದನದಲ್ಲೇ ಬಾಯಿಮಾತಿನ ಉತ್ತರ, ಉಪಪ್ರಶ್ನೆ ಎಲ್ಲ ಇರುವುದರಿಂದ ಪತ್ರಿಕೆಗಳ ಕಣ್ಣೆಲ್ಲ ಅದರ ಮೇಲೆ. ಚುಕ್ಕೆ ಇಲ್ಲದ ಪ್ರಶ್ನೆಯ ಲಿಖಿತ ಉತ್ತರವನ್ನು ಯಾರೂ ತಿರುವಿ ನೋಡುವುದಿಲ್ಲ. ಆದರೆ ಅದರ ಕೊನೆಗೆ ಲಗತ್ತಿಸಿದ ಅನುಬಂಧದಲ್ಲೇ ತಾಲ್ಲೂಕುವಾರು ಪಟ್ಟಿ ಇರುವುದು. ಆ ಪಟ್ಟಿಯನ್ನು ಸಚಿವರು ‘ಗೊತ್ತಿಲ್ಲ’ ಎನ್ನುವಂತಿಲ್ಲ. ಸದನಕ್ಕೆ ಕೊಟ್ಟ ಉತ್ತರ ಅವರದೇ.

ನಮ್ಮ ಸಚಿವರೇ ಜಿಲ್ಲೆಯ ಉಸ್ತುವಾರಿಯೂ ಆಗಿದ್ದರೆ ಎರಡನೆಯ ಜಾಗ ಕೆಡಿಪಿ ಸಭೆಯ ನಡವಳಿ. ಜಿಲ್ಲಾ ಉಸ್ತುವಾರಿ ಸಚಿವರು ನಡೆಸುವ ಈ ಪ್ರಗತಿ ಪರಿಶೀಲನಾ ಸಭೆಯಲ್ಲಿ ಶಾಸಕರು ‘ನಮ್ಮ ಕಡೆ ಪೈಪ್ ಹಾಕಿದ್ದಾರೆ, ನೀರಿಲ್ಲ’ ಎಂದು ದೂರಿರುತ್ತಾರೆ. ಸಚಿವರು ‘ಕೂಡಲೇ ಸರಿಪಡಿಸಿ’ ಎಂದಿರುತ್ತಾರೆ. ಎರಡೂ ನಡವಳಿಯಲ್ಲಿ ದಾಖಲಾಗುತ್ತವೆ. ‘ನನ್ನ ಗಮನಕ್ಕೆ ಬಂದಿಲ್ಲ’ ಎಂಬ ಉತ್ತರ ಆ ದಿನಾಂಕದಿಂದಾಚೆಗೆ ನಿಲ್ಲುವುದಿಲ್ಲ.

ನಡವಳಿ ಸುಲಭಕ್ಕೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಯೋಜನೆಯ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ‘ಇಂಥ ದಿನ ನಡೆದ ಕೆಡಿಪಿ ಸಭೆಯ ನಡವಳಿಯ ದೃಢೀಕೃತ ಪ್ರತಿ’ ಎಂದು ಬರೆದರೆ ಬರುತ್ತದೆ. ಸಂದರ್ಶನ ನಾಳಿದ್ದು ಎಂದಾಗ ಅರ್ಜಿ ಹಾಕಿ ಉಪಯೋಗವಿಲ್ಲ. ಒಂದು ಇಲಾಖೆಯ ಬೆನ್ನು ಹತ್ತಿದ ವರದಿಗಾರನ ಕೈಯಲ್ಲಿ ಯಾವಾಗಲೂ ಎರಡು ಮೂರು ಅರ್ಜಿ ಬಾಕಿ ಇರಬೇಕು ಎಂದು ನಾನು ಹೇಳುವುದು ಅದಕ್ಕೇ.

ನಿಯಮ ಓದಿ, ಆಮೇಲೆ ಬಕೆಟ್ ಹಿಡಿಯಿರಿ

ಇನ್ನು ವಿಷಯದ ಒಳಗಿನ ಸಂದಿ. ಜಲಜೀವನ್ ಮಿಷನ್ನನ್ನು ಪ್ರಧಾನಿ ಘೋಷಿಸಿದ್ದು 2019ರ ಆಗಸ್ಟ್ 15ರಂದು. ಅದರ ಮಾರ್ಗಸೂಚಿಯಲ್ಲಿ ‘ನಲ್ಲಿ ಸಂಪರ್ಕ’ ಎಂದಷ್ಟೇ ಇಲ್ಲ, ‘ಕಾರ್ಯನಿರತ ನಲ್ಲಿ ಸಂಪರ್ಕ’ ಎಂದಿದೆ. ಎಂದರೆ ತಲೆಗೆ ದಿನಕ್ಕೆ 55 ಲೀಟರ್, ನಿಗದಿತ ಗುಣಮಟ್ಟದ ನೀರು, ನಿಯಮಿತವಾಗಿ ಬರಬೇಕು. ಬರೀ ಪೈಪು, ನಲ್ಲಿ, ಅದರ ಕೆಳಗೊಂದು ಸಿಮೆಂಟ್ ಕಟ್ಟೆ ಇದ್ದರೆ ಸಾಲದು.

ಇನ್ನೊಂದು ವಿವರವೂ ಅಷ್ಟೇ ಮುಖ್ಯ. ಒಂದು ಊರಿನ ಎಲ್ಲ ಮನೆಗೂ ಸಂಪರ್ಕ ಆಗಿದೆ ಎಂದು ಇಲಾಖೆ ಜಾಲತಾಣಕ್ಕೆ ಏರಿಸಿದಾಗ ಆ ಊರು ‘ವರದಿಯಾದ’ ಹರ್ ಘರ್ ಜಲ್ ಗ್ರಾಮವಾಗುತ್ತದೆ. ಗ್ರಾಮಸಭೆ ಸೇರಿ, ಹೌದು, ಎಲ್ಲ ಮನೆಗೂ ನೀರು ಬರುತ್ತಿದೆ ಎಂದು ಠರಾವು ಮಾಡಿದ ಮೇಲಷ್ಟೇ ಅದು ‘ಪ್ರಮಾಣೀಕೃತ’ ಗ್ರಾಮ. ವರದಿಯಾದದ್ದು ಇಲಾಖೆಯ ಮಾತು, ಪ್ರಮಾಣೀಕೃತವಾದದ್ದು ಊರಿನ ಮಾತು. ಯೋಜನೆಯ ಜಾಲತಾಣದಲ್ಲಿ ಎರಡೂ ಸಂಖ್ಯೆ ಬೇರೆ ಬೇರೆಯಾಗಿ ಸಿಗುತ್ತವೆ. ಸಚಿವರು ಭಾಷಣದಲ್ಲಿ ಹೇಳುವುದು ಯಾವ ಸಂಖ್ಯೆ ಎಂದು ನೋಡಿಕೊಂಡರೆ ಅರ್ಧ ತಯಾರಿ ಮುಗಿದ ಹಾಗೆ. ‘ಆದೇಶ’ ಮತ್ತು ‘ಬೆದರಿಕೆ’ಯ ನಡುವೆ ಇದ್ದಂಥ ಸಂದಿ ಇಲ್ಲಿ ‘ಸಂಪರ್ಕ’ ಮತ್ತು ‘ನೀರಿ’ನ ನಡುವೆ ಇದೆ.

ಆಮೇಲೆ ಊರಿಗೆ ಹೋಗಬೇಕು. ಪಟ್ಟಿಯಲ್ಲಿ ನೂರಕ್ಕೆ ನೂರು ಎಂದಿರುವ ಊರನ್ನೇ ಆರಿಸಿ, ನೀರು ಬಿಡುವ ಹೊತ್ತು ಯಾವುದೆಂದು ವಾಟರ್‌ಮ್ಯಾನ್‌ನನ್ನು ಕೇಳಿಕೊಂಡು, ಅದಕ್ಕಿಂತ ಮುಂಚೆಯೇ ಅಲ್ಲಿರಬೇಕು. ಕೈಯಲ್ಲಿ 15 ಲೀಟರಿನ ಒಂದು ಬಕೆಟ್, ಜೇಬಿನಲ್ಲಿ ಫೋನ್ ಸಾಕು. ಬಕೆಟ್ ತುಂಬಲು ನಾಲ್ಕು ನಿಮಿಷ ಹಿಡಿಯಿತು, ನೀರು ಬರುವುದು ಎರಡು ದಿನಕ್ಕೊಮ್ಮೆ, 40 ನಿಮಿಷ ಎಂದುಕೊಳ್ಳಿ. ಹತ್ತು ಬಕೆಟ್, ಅಂದರೆ 150 ಲೀಟರ್. ದಿನಕ್ಕೆ 75. ಮನೆಯಲ್ಲಿ ಐದು ಜನ ಇದ್ದರೆ ತಲೆಗೆ 15 ಲೀಟರ್. ನಿಯಮ ಹೇಳುವುದು 55. ಈ ಲೆಕ್ಕವನ್ನು ಒಂದು ಮನೆಯಲ್ಲಿ ಮಾಡಿ ಬಂದರೆ ಸಾಲದು. ಓವರ್‌ಹೆಡ್ ಟ್ಯಾಂಕಿನ ಹತ್ತಿರದ ಬೀದಿ, ನಡುವಿನ ಬೀದಿ, ಕೊನೆಯ ಬೀದಿ ಮೂರರಲ್ಲೂ ಅಳೆಯಬೇಕು. ಕೊನೆಯ ಬೀದಿಯಲ್ಲಿ ಒತ್ತಡ ಕಡಿಮೆ ಇರುವುದು ಸಹಜ. ಅದೊಂದನ್ನೇ ಹಿಡಿದುಕೊಂಡು ಹೋದರೆ ಸಚಿವರ ಪಕ್ಕದಲ್ಲಿ ಕೂತ ಎಂಜಿನಿಯರು ನಿಮ್ಮ ಮಾತನ್ನು ಅಲ್ಲೇ ಮುರಿಯುತ್ತಾರೆ.

ನನ್ನ ಮಾತೂ ಒಮ್ಮೆ ಹಾಗೆ ಮುರಿದಿತ್ತು. ತುಂಬ ವರ್ಷಗಳ ಹಿಂದೆ ಸಚಿವರೊಬ್ಬರನ್ನು ವಿದ್ಯಾರ್ಥಿನಿಲಯಗಳ ಊಟದ ಹಣದ ಬಗ್ಗೆ ಕೇಳಲು ಹೋಗಿದ್ದೆ. ಅನುದಾನ ಕಡಿತವಾಗಿದೆ ಎಂದು ಸಂಖ್ಯೆ ಮುಂದಿಟ್ಟೆ. ಅವರು ನನ್ನ ಹಾಳೆ ತೆಗೆದುಕೊಂಡು ನೋಡಿ, ‘ಇದು ಆಯವ್ಯಯ ಅಂದಾಜು. ಪರಿಷ್ಕೃತ ಅಂದಾಜು ನೋಡಿದ್ದೀರಾ?’ ಎಂದರು. ನೋಡಿರಲಿಲ್ಲ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ನಿಜವಾದ ವೆಚ್ಚದ ಜೊತೆ ಹೋಲಿಸಿದ್ದೆ. ಮಕ್ಕಳ ತಟ್ಟೆಯಲ್ಲಿ ಬೇಳೆ ತೆಳ್ಳಗಾದದ್ದು ನಿಜವೇ ಆಗಿತ್ತು, ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಆ ಒಂದು ತಪ್ಪಿನ ನಂತರ ನಾನು ಕೇಳಿದ್ದಕ್ಕೆಲ್ಲ ಅವರು ‘ಮೊದಲು ಸರಿಯಾಗಿ ಓದ್ಕೊಂಡು ಬನ್ನಿ’ ಎಂದೇ ಉತ್ತರಿಸಿದರು. ಆ ಮಕ್ಕಳ ಮಾತು ಅಲ್ಲೇ ಬಿದ್ದುಹೋಯಿತು. ಈಗಲೂ ಅದು ನನ್ನನ್ನು ಕಾಡುತ್ತದೆ. ಅಂದಿನಿಂದ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಮೂರು ಸಂಗತಿ ಬರೆದುಕೊಳ್ಳುತ್ತೇನೆ: ಯಾವ ವರ್ಷದ್ದು, ಯಾವ ಕಾಗದದ್ದು, ಎಷ್ಟನೇ ಪುಟದ್ದು.

ಹಾಳೆಯ ಬಲ ಅರ್ಧ

ಪ್ರಶ್ನೆ ಬರೆಯುವಾಗ ಹಾಳೆಯನ್ನು ನಡುವೆ ಮಡಚಿ. ಎಡಕ್ಕೆ ಪ್ರಶ್ನೆ, ಬಲಕ್ಕೆ ಆ ಪ್ರಶ್ನೆಗೆ ಬರಬಹುದಾದ ಉತ್ತರಗಳು. ಬಲಭಾಗ ತುಂಬಲು ಹೆಚ್ಚು ಹೊತ್ತು ಬೇಕು, ತಯಾರಿ ಇರುವುದೂ ಅಲ್ಲೇ. ಸಚಿವರ ಹಿಂದಿನ ಐದಾರು ಪತ್ರಿಕಾಗೋಷ್ಠಿ, ಸದನದ ಮಾತು ಕೇಳಿದರೆ ಅವರು ಯಾವ ದಾರಿ ಹಿಡಿಯುತ್ತಾರೆ ಎಂದು ತಿಳಿಯುತ್ತದೆ. ಕೆಲವರು ಹಿಂದಿನ ಸರ್ಕಾರವನ್ನು ಎಳೆದು ತರುತ್ತಾರೆ, ಕೆಲವರು ಅಂಕಿಅಂಶ ಸುರಿಯುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಪ್ರತಿಯೊಬ್ಬರಿಗೂ ಒಂದು ರೂಢಿ ಇರುತ್ತದೆ.

ಬರೆದಾದ ಮೇಲೆ ಕಚೇರಿಯಲ್ಲಿ ಒಬ್ಬರನ್ನು ಸಚಿವರ ಕುರ್ಚಿಯಲ್ಲಿ ಕೂರಿಸಿ. ವಿಧಾನಸೌಧ ಓಡಾಡಿದ ಹಿರಿಯ ವರದಿಗಾರರು ಇದನ್ನು ಚೆನ್ನಾಗಿ ಮಾಡುತ್ತಾರೆ. ಅವರಿಗೆ ನಿಮ್ಮ ಕಾಗದಗಳನ್ನು ಮೊದಲೇ ಕೊಡಿ, ನಿಮ್ಮನ್ನು ಸೋಲಿಸಲು ಹೇಳಿ. ಯಾವ ಪ್ರಶ್ನೆಗೆ ಅವರು ಎರಡು ನಿಮಿಷ ನಿರಾಳವಾಗಿ ಮಾತಾಡಿದರೋ ಅದು ಸಡಿಲವಾದ ಪ್ರಶ್ನೆ. ‘ನೀರಿನ ಸಮಸ್ಯೆ ಬಗ್ಗೆ ಏನು ಹೇಳ್ತೀರಿ?’ ಎಂದರೆ ಭಾಷಣ ಬರುತ್ತದೆ. ‘ಈ ಪಟ್ಟಿಯಲ್ಲಿರುವ ಊರುಗಳಲ್ಲಿ ಎಷ್ಟು ಗ್ರಾಮಸಭೆ ಠರಾವು ಮಾಡಿವೆ?’ ಎಂದರೆ ಒಂದು ಸಂಖ್ಯೆ ಬರಬೇಕು, ಇಲ್ಲವೆ ಗೊತ್ತಿಲ್ಲ ಎನ್ನಬೇಕು. ಮುಖ್ಯ ಪ್ರಶ್ನೆಗಳೆಲ್ಲ ಹೌದು, ಇಲ್ಲ, ಒಂದು ದಿನಾಂಕ ಅಥವಾ ಒಂದು ಸಂಖ್ಯೆಯಲ್ಲಿ ಮುಗಿಯುವ ಹಾಗೆ ಇರಬೇಕು. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಬಾರದು. ಕೇಳಿದರೆ ಸುಲಭದ್ದಕ್ಕೆ ಉತ್ತರ ಬರುತ್ತದೆ.

ಸಚಿವರ ಆಪ್ತ ಕಾರ್ಯದರ್ಶಿ ‘ಪ್ರಶ್ನೆ ಮೊದಲೇ ಕಳಿಸಿ’ ಎನ್ನುವುದು ಸಾಮಾನ್ಯ. ಪ್ರಶ್ನೆ ಕಳಿಸಬೇಡಿ, ವಿಷಯ ಮುಚ್ಚಿಡಲೂಬೇಡಿ. ‘ಮನೆ ಮನೆಗೆ ಗಂಗೆ ಯೋಜನೆಯ ಪ್ರಗತಿ, ಸದನಕ್ಕೆ ಕೊಟ್ಟ ಲೆಕ್ಕ’ ಎಂದು ಸ್ಪಷ್ಟವಾಗಿ ಹೇಳಿ. ಅಭಿವೃದ್ಧಿಯ ಬಗ್ಗೆ ಎಂದು ಹೇಳಿಕೊಂಡು ಒಳಗೆ ಹೋಗಿ ಬೇರೆಯದನ್ನು ಕೇಳಿದರೆ ಅದು ಮೋಸವಾಗುತ್ತದೆ. ‘ವಿಷಯ ಗೊತ್ತಿರಲಿಲ್ಲ, ಕಾಗದ ತಂದಿಲ್ಲ’ ಎಂಬ ನ್ಯಾಯವಾದ ನೆಪವೂ ಅವರಿಗೆ ಸಿಗುತ್ತದೆ. ವಿಷಯ ತಿಳಿಸಿ ಹೋದಾಗ ಆ ಬಾಗಿಲು ಮುಚ್ಚಿರುತ್ತದೆ.

ಯಾವುದು ಮೊದಲು

2007ರ ಅಕ್ಟೋಬರಿನಲ್ಲಿ ಕರಣ್ ಥಾಪರ್ ಅವರು ಆಗಿನ ಗುಜರಾತ್ ಮುಖ್ಯಮಂತ್ರಿ ನರೇಂದ್ರ ಮೋದಿ ಅವರನ್ನು ಸಿಎನ್‌ಎನ್-ಐಬಿಎನ್ ವಾಹಿನಿಗಾಗಿ ಸಂದರ್ಶಿಸಿದರು. 2002ರ ಗಲಭೆಯಿಂದಾಗಿ ಅವರ ಬಗ್ಗೆ ಹುಟ್ಟಿದ ಅಭಿಪ್ರಾಯದ ಪ್ರಶ್ನೆಯಿಂದಲೇ ಮಾತು ಶುರುವಾಯಿತು. ಮೂರು ನಿಮಿಷದ ಆಸುಪಾಸಿಗೆ ಮೋದಿ ನೀರು ಕೇಳಿ ಕುಡಿದು, ಮೈಕ್ ತೆಗೆದು ಎದ್ದರು. ದೇಶವೆಲ್ಲ ಆ ದೃಶ್ಯ ನೋಡಿತು. ಅತಿಥಿ ಏಳುವುದು ಕೂಡ ಒಂದು ಉತ್ತರ, ವೀಕ್ಷಕರು ಅದನ್ನು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ ಎಂದು ವಾದಿಸಬಹುದು. ನನ್ನ ಅಭಿಪ್ರಾಯ ಬೇರೆ. ಕೇಳದೇ ಉಳಿದ ಪ್ರಶ್ನೆಗಳು ನನಗೆ ಆ ದೃಶ್ಯಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತವೆ. ಅತಿ ಕಟುವಾದ ಪ್ರಶ್ನೆಯನ್ನು ಮೊದಲೇ ಇಟ್ಟರೆ, ಎದ್ದು ಹೋಗಲು ಅತಿಥಿಗೆ ಹೆಚ್ಚು ಯೋಚನೆ ಬೇಕಾಗುವುದಿಲ್ಲ. ಅವರು ಅದುವರೆಗೆ ಯಾವ ಮಾತಿಗೂ ಕಟ್ಟುಬಿದ್ದಿರುವುದಿಲ್ಲ. ಕೊನೆಗೆ ಇಟ್ಟರೂ ಕಷ್ಟ. ‘ಸರ್, ಇನ್ನೊಂದು ಮೀಟಿಂಗ್ ಇದೆ’ ಎಂದು ಆಪ್ತ ಕಾರ್ಯದರ್ಶಿ ಬಾಗಿಲಲ್ಲಿ ನಿಲ್ಲುವುದು ಆಗಲೇ.

ಇಪ್ಪತ್ತು ನಿಮಿಷದ ಸಂದರ್ಶನದಲ್ಲಿ ಮುಖ್ಯ ಪ್ರಶ್ನೆ ಆರೇಳನೆಯ ನಿಮಿಷಕ್ಕೆ ಬರಬೇಕು. ಅದಕ್ಕೆ ಮುಂಚಿನ ಸಮಯ ಸಚಿವರಿಂದಲೇ ಒಂದೊಂದು ಬಾಗಿಲು ಮುಚ್ಚಿಸುವ ಕೆಲಸಕ್ಕೆ. ಮೊದಲ ಬಾಗಿಲು ಅಳತೆಗೋಲು.

‘ಸರ್, ಒಂದು ಮನೆಗೆ ನಲ್ಲಿ ಸಂಪರ್ಕ ಆಗಿದೆ ಅಂತ ಲೆಕ್ಕಕ್ಕೆ ತಗೋಬೇಕಾದ್ರೆ ಅಲ್ಲಿ ನೀರು ಬರ್ತಿರಬೇಕು ತಾನೆ?’

‘ಖಂಡಿತ. ನೀರು ಬಾರದೆ ನಲ್ಲಿ ಯಾಕೆ?’

‘ತಲೆಗೆ 55 ಲೀಟರ್?’

‘ಹೌದು, ಅದೇ ಗುರಿ.’

ಇಲ್ಲಿ ಕಿವಿ ತೆರೆದಿರಬೇಕು. ನೀವು ನಿಯಮ ಕೇಳಿದಿರಿ, ಅವರು ‘ಗುರಿ’ ಎಂದರು. ಅದು ಅಚಾತುರ್ಯದಿಂದ ಬಂದ ಪದವಲ್ಲ. ಗುರಿ ಇವತ್ತು ಮುಟ್ಟದಿದ್ದರೂ ನಡೆಯುತ್ತದೆ, ನಿಯಮ ಹಾಗಲ್ಲ. ಅಲ್ಲೇ ಮೆಲ್ಲಗೆ ಕೇಳಿ: ‘ಗುರಿಯೋ, ಲೆಕ್ಕಕ್ಕೆ ಸೇರಿಸೋದಕ್ಕೆ ಬೇಕಾದ ನಿಯಮವೋ ಸರ್? ಮಾರ್ಗಸೂಚಿ ಇಲ್ಲಿದೆ.’ ಅವರು ನಿಯಮ ಎಂದು ಒಪ್ಪಿದರೆ ಅಳತೆಗೋಲು ಸಿಕ್ಕಿತು.

ಎರಡನೆಯ ಬಾಗಿಲು ಹೊಣೆ. ‘ಸದನಕ್ಕೆ ಕೊಟ್ಟ ಈ ತಾಲ್ಲೂಕುವಾರು ಪಟ್ಟಿ ನಿಮ್ಮ ಉತ್ತರದ ಜೊತೆ ಬಂದದ್ದು. ನೀವು ನೋಡಿ ಒಪ್ಪಿದ್ದೇ ಅಲ್ವಾ?’ ಮೂರನೆಯದು ಹಣ. ನಮ್ಮಂಥ ರಾಜ್ಯಗಳಿಗೆ ಈ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ಅರ್ಧರ್ಧ. ಕೇಂದ್ರದಿಂದ ಬಾಕಿ ಇದ್ದರೆ ಅದೆಷ್ಟು ಎಂದು ಆರಂಭದಲ್ಲೇ ಕೇಳಿ ಉತ್ತರ ಪಡೆದುಬಿಡಿ. ಇದು ಅವರಿಗೆ ಹೇಳಬೇಕಾಗಿರುವ ಮಾತು, ಹೇಳಲಿ. ಅದರಲ್ಲಿ ನಿಜವೂ ಇರಬಹುದು. ಮೊದಲೇ ಹೇಳಿಬಿಟ್ಟ ಕಾರಣವನ್ನು ಏಳನೆಯ ನಿಮಿಷದಲ್ಲಿ ಮತ್ತೆ ಹೊಸದಾಗಿ ಎತ್ತಲು ಆಗುವುದಿಲ್ಲ.

ಜಾರಿದಾಗ

ಈಗ ಮುಖ್ಯ ಪ್ರಶ್ನೆ. ‘ಈ ಪಟ್ಟಿಯಲ್ಲಿ ನೂರಕ್ಕೆ ನೂರು ಅಂತಿರುವ ಊರಿಗೆ ಹೋಗಿದ್ದೆ. ಮೂರು ಬೀದಿಯಲ್ಲಿ ಅಳೆದೆ. ಹೆಚ್ಚು ಬಂದ ಕಡೆಯಲ್ಲೂ 55 ಲೀಟರಿನ ಅರ್ಧ ಇಲ್ಲ. ಗ್ರಾಮಸಭೆ ಠರಾವೂ ಆಗಿಲ್ಲ. ಈ ಊರನ್ನ ಪಟ್ಟಿಗೆ ಸೇರಿಸಿದ್ದು ಸರಿನಾ?’

‘ನೋಡಿ, ಹಿಂದಿನ ಸರ್ಕಾರ ಇದ್ದಾಗ ಈ ಯೋಜನೆ ಹೇಗಿತ್ತು ಅಂತ ನಿಮಗೂ ಗೊತ್ತು. ನಾವು ಬಂದ ಮೇಲೆ ಎಷ್ಟು ಲಕ್ಷ ಸಂಪರ್ಕ ಕೊಟ್ಟಿದ್ದೀವಿ...’

ಅಂಕಿ ಸುರಿಯುವುದನ್ನು ತಕ್ಷಣ ತಡೆಯಬೇಡಿ. ಒಂದು ವಾಕ್ಯ ಪೂರ್ತಿಯಾಗಲಿ. ನಡುವೆ ಬಾಯಿ ಹಾಕಿದರೆ ಓದುಗರ, ನೋಡುಗರ ಅನುಕಂಪ ಆ ಕಡೆ ಹೋಗುತ್ತದೆ. ಆಮೇಲೆ ಅವರು ಹೇಳಿದ್ದರಲ್ಲಿ ನಿಜವಾದದ್ದನ್ನು ಒಪ್ಪಿ ಪ್ರಶ್ನೆಯನ್ನು ಇನ್ನಷ್ಟು ಸಣ್ಣದು ಮಾಡಿ. ‘ಸಂಪರ್ಕ ಹೆಚ್ಚಾಗಿರೋದು ನಿಜ ಸರ್, ಅದನ್ನ ಬರೀತೀನಿ. ನಾನು ಕೇಳಿದ್ದು ಈ ಒಂದು ಊರಿನ ಬಗ್ಗೆ. ಪಟ್ಟಿಗೆ ಸೇರಿಸಿದ್ದು ಸರಿನಾ, ತಪ್ಪಾ?’ ಒಪ್ಪಿಕೊಳ್ಳುವುದರಿಂದ ಎರಡು ಲಾಭ. ಅವರು ಅದನ್ನೇ ಮತ್ತೆ ಹೇಳುವ ಅಗತ್ಯ ಉಳಿಯುವುದಿಲ್ಲ, ನೀವು ಜಗಳಕ್ಕೆ ಬಂದವರಲ್ಲ ಎಂಬುದೂ ಕಾಣುತ್ತದೆ.

‘ಒಂದೊಂದು ಊರಿನ ವಿಷಯ ನನಗೆ ಹೇಗೆ ಗೊತ್ತಿರುತ್ತೆ? ಅದು ಅಧಿಕಾರಿಗಳು ನೋಡೋದು.’

ಇದಕ್ಕಾಗಿಯೇ ಕೆಡಿಪಿ ನಡವಳಿ ತಂದದ್ದು. ಆದರೆ ಅದನ್ನು ತಲೆಯ ಮೇಲೆ ಬಡಿದಂತೆ ಎತ್ತಬೇಡಿ. ಮೊದಲು ಮಾತನ್ನು ಗಟ್ಟಿ ಮಾಡಿಕೊಳ್ಳಿ: ‘ಅಂದ್ರೆ ಈ ದೂರು ನಿಮ್ಮವರೆಗೆ ಬಂದಿರಲಿಲ್ಲ?’ ‘ಇಲ್ಲ’ ಎಂದ ಮೇಲೆ ಹಾಳೆಯನ್ನು ಅವರ ಕಡೆ ತಿರುಗಿಸಿ ಇಟ್ಟು, ಸಾಲಿನ ಮೇಲೆ ಬೆರಳಿಟ್ಟು, ಓದಲು ಬಿಡಿ. ‘ನಿಮ್ಮ ಅಧ್ಯಕ್ಷತೆಯ ಸಭೆ. ಶಾಸಕರು ಇದೇ ಊರಿನ ಹೆಸರು ಹೇಳಿದ್ದಾರೆ. ನೀವು ಕೂಡಲೇ ಸರಿಪಡಿಸಿ ಅಂದಿದ್ದೀರಿ.’ ಆಮೇಲೆ ಸುಮ್ಮನಿರಬೇಕು. ಮೂರು ನಾಲ್ಕು ಸೆಕೆಂಡಿನ ಮೌನ ಕೇಳುವವರಿಗೇ ಹೆಚ್ಚು ಕಷ್ಟ. ಅದನ್ನು ತುಂಬಲು ನಾವೇ ಮಾತಾಡಿ, ‘ಬಹುಶಃ ಮರೆತಿರಬಹುದು’ ಎಂದು ಅವರಿಗೆ ನೆಪ ಹುಡುಕಿಕೊಡುತ್ತೇವೆ. ನಾನು ಹೊಸಬರ ಧ್ವನಿಮುದ್ರಣ ಕೇಳುವಾಗ ಹೆಚ್ಚಾಗಿ ಕಾಣುವ ತಪ್ಪು ಇದೇ.

‘ನೀವು ಯಾರ ಪರವಾಗಿ ಕೇಳ್ತಿದ್ದೀರಿ? ನಿಮ್ಮ ಪೇಪರ್ ಬೇರೆಯವರ ಕಾಲದಲ್ಲಿ ಯಾಕೆ ಕೇಳಲಿಲ್ಲ?’

ಮರುಪ್ರಶ್ನೆಗೆ ವಾದಕ್ಕೆ ಇಳಿಯಬೇಡಿ, ತಪ್ಪೊಪ್ಪಿಗೆಯೂ ಬೇಡ. ‘ಆ ಊರಿನವರ ಪರವಾಗಿ ಸರ್’ ಎಂದು ಒಂದೇ ಮಾತು ಹೇಳಿ, ಅದೇ ಪ್ರಶ್ನೆಗೆ, ಅದೇ ಪದಗಳಲ್ಲಿ ಮರಳಿ. ಪದ ಬದಲಿಸಿದರೆ ಪ್ರಶ್ನೆ ಬದಲಾಯಿತೆಂಬ ನೆಪದಲ್ಲಿ ಹೊಸ ಉತ್ತರ ಶುರುವಾಗುತ್ತದೆ. ಹಿಂದೆ ನಿಮ್ಮ ಪತ್ರಿಕೆ ಕೇಳಿದ್ದರೆ ಆ ವರದಿಯ ದಿನಾಂಕ ಹಾಳೆಯ ಬಲಭಾಗದಲ್ಲಿ ಇರಲಿ.

‘ತನಿಖೆ ನಡೀತಿದೆ’, ‘ಕೋರ್ಟಿನಲ್ಲಿದೆ’ ಎಂಬ ಉತ್ತರಗಳಿಗೆ ಬೇರೆ ಕ್ರಮ. ಅವು ನಿಜವೂ ಆಗಿರಬಹುದು. ಹಾಗಾಗಿ ವಿವರ ಕೇಳಬೇಕು: ತನಿಖೆಗೆ ಆದೇಶ ಯಾವತ್ತು ಆಯಿತು, ಯಾರು ಮಾಡುತ್ತಿದ್ದಾರೆ, ವರದಿ ಯಾವಾಗ ಬರಬೇಕು? ಕೋರ್ಟಿನಲ್ಲಿರುವುದು ಗುತ್ತಿಗೆದಾರರ ಬಿಲ್ಲಿನ ವಿಷಯವೋ, ನೀರಿನ ಲೆಕ್ಕದ ವಿಷಯವೋ? ನಿಜವಾದ ತನಿಖೆಗೆ ದಿನಾಂಕ ಇರುತ್ತದೆ, ಅಧಿಕಾರಿಯ ಹೆಸರು ಇರುತ್ತದೆ.

ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಬಹುದು? ಪ್ಯಾಕ್ಸ್‌ಮನ್ ಅವರ ಹನ್ನೆರಡು ನಮಗೆ ಬೇಡ. ಅವರ ಪ್ರಶ್ನೆ ಸಚಿವರು ಸ್ವತಃ ಆಡಿದ ಅಥವಾ ಆಡದ ಮಾತಿನ ಬಗ್ಗೆ ಇತ್ತು, ಉತ್ತರ ಅವರಿಗೆ ಗೊತ್ತೇ ಇರಬೇಕಾಗಿತ್ತು. ಹಾಗಿಲ್ಲದ ಪ್ರಶ್ನೆಯನ್ನು ಮೂರನೆಯ ಸಲ ಕೇಳುವುದು ಕಿರುಕುಳವೇ ಹೊರತು ಸಂದರ್ಶನವಲ್ಲ. ಗೊತ್ತಿರಬೇಕಾದ ಪ್ರಶ್ನೆಯಾದರೆ ಮೂರು ಸಲ ಕೇಳಿ, ಆಮೇಲೆ ನಡೆದದ್ದನ್ನು ಅವರೆದುರೇ ಹೇಳಿ: ‘ಮೂರು ಸಲ ಕೇಳಿದೆ ಸರ್, ಸರಿನೋ ತಪ್ಪೋ ಅಂತ ನೀವು ಹೇಳಲಿಲ್ಲ. ಹಾಗಂತಲೇ ಬರೀತೀನಿ. ಈಗಲೂ ಹೇಳೋದಿದ್ರೆ ಹೇಳಿ.’ ಈ ಕೊನೆಯ ಅವಕಾಶಕ್ಕೆ ಹಲವರು ಉತ್ತರ ಕೊಟ್ಟುಬಿಡುತ್ತಾರೆ. ‘ಆ ಊರಿನ ಮಟ್ಟಿಗೆ ತಪ್ಪಾಗಿದೆ, ಪಟ್ಟಿಯಿಂದ ತೆಗೆಸ್ತೀನಿ’ ಎಂಬ ಮಾತು ಬಂದರೆ ಅದು ಸುದ್ದಿ. ಕೂಡಲೇ ಮುಂದಿನ ಪ್ರಶ್ನೆ: ಇನ್ನೆಷ್ಟು ಊರು ಹೀಗಿವೆ, ಮರುಪರಿಶೀಲನೆ ಯಾವ ತಾರೀಖಿನೊಳಗೆ?

ಎದ್ದು ಹೊರಟರೆ ಹಿಂದೆ ಓಡಬೇಡಿ, ಯಂತ್ರ ನಿಲ್ಲಿಸಲೂಬೇಡಿ. 1982ರಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವ ಜಾನ್ ನಾಟ್ ಅವರು ಸಂದರ್ಶಕ ರಾಬಿನ್ ಡೇ ಅವರ ಒಂದು ಮಾತಿಗೆ ಮುನಿದು ಮೈಕ್ ಕಿತ್ತಿಟ್ಟು ಎದ್ದರು. ಅವರನ್ನು ಎಬ್ಬಿಸಿದ್ದು, ಇಂದು ಇದ್ದು ನಾಳೆ ಹೋಗುವ ರಾಜಕಾರಣಿ ಎಂದು ಪ್ರಶ್ನೆಯ ನಡುವೆ ಸೇರಿಕೊಂಡ ವಿಶೇಷಣ. ರಕ್ಷಣಾ ವಿಷಯದ ಪ್ರಶ್ನೆ ಏನಿತ್ತು ಎಂದು ಇಂದು ನೆನಪಿಟ್ಟುಕೊಂಡವರು ಕಡಿಮೆ, ಆ ವಿಶೇಷಣ ಮಾತ್ರ ಎಲ್ಲರ ನೆನಪಿನಲ್ಲಿದೆ. ಆದ್ದರಿಂದ ಹಾಳೆಯ ಎಡಭಾಗವನ್ನು ಕೊನೆಯ ಬಾರಿಗೆ ಓದುವಾಗ ಪ್ರತಿ ವಿಶೇಷಣವನ್ನೂ ಹೊಡೆದು ಹಾಕಿ. ‘ನಾಚಿಕೆಗೇಡಿನ’, ‘ಹಗರಣ’, ‘ಬೇಜವಾಬ್ದಾರಿ’ ಇವು ಪ್ರಶ್ನೆಗೆ ಏನನ್ನೂ ಸೇರಿಸುವುದಿಲ್ಲ, ಸಚಿವರಿಗೆ ಸಿಟ್ಟಾಗುವ ಹಕ್ಕನ್ನು ಕೊಡುತ್ತವೆ. 15 ಲೀಟರ್ ಎಂಬ ಸಂಖ್ಯೆಗೆ ವಿಶೇಷಣ ಬೇಕಿಲ್ಲ.

ಮರಳಿ ಬಂದ ಮೇಲೆ

ಧ್ವನಿಮುದ್ರಣವನ್ನು ಅದೇ ದಿನ ಅಕ್ಷರಕ್ಕೆ ಇಳಿಸಿ. ಎರಡು ಕಡೆ ಮುದ್ರಿಸಿಕೊಂಡಿರಬೇಕು, ಒಂದು ಫೋನಿನ ಮೇಲೆ ಭಾರ ಹಾಕಬಾರದು. ಸಂಕ್ಷೇಪಿಸುವಾಗ ಒಂದು ಪ್ರಶ್ನೆಯ ಉತ್ತರ ಇನ್ನೊಂದರ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಜಾರಿಕೊಂಡ ಉತ್ತರವನ್ನು ಕತ್ತರಿಸಿ ‘ಉತ್ತರಿಸಲಿಲ್ಲ’ ಎಂದಷ್ಟೇ ಬರೆಯುವುದಕ್ಕಿಂತ ಅವರು ಆಡಿದ್ದನ್ನೇ ಕೊಡುವುದು ನ್ಯಾಯ. ಓದುಗರಿಗೆ ಅದು ಕಾಣುತ್ತದೆ. ಕೇಂದ್ರದ ಬಾಕಿಯ ಬಗ್ಗೆ ಅವರು ಹೇಳಿದ್ದು ಸರಿಯೇ ಎಂದು ಪರಿಶೀಲಿಸಿ, ಸರಿಯಾಗಿದ್ದರೆ ಅದನ್ನೂ ಅಷ್ಟೇ ಎದ್ದು ಕಾಣುವಂತೆ ಬರೆಯಬೇಕು.

ಸಂದರ್ಶನದ ನಡುವೆ ಸಚಿವರು ಎರಡು ಮೂರು ಕಡೆ ‘ಆ ಪಟ್ಟಿ ಕಳಿಸಿಕೊಡ್ತೀವಿ’, ‘ಸೋಮವಾರದೊಳಗೆ ವರದಿ ತರಿಸ್ತೀನಿ’ ಎಂದಿರುತ್ತಾರೆ. ಅವೆಲ್ಲವನ್ನೂ ಒಂದು ಪುಟದಲ್ಲಿ, ದಿನಾಂಕದ ಸಮೇತ ಬರೆದು, ಅಂದೇ ಸಂಜೆ ಆಪ್ತ ಕಾರ್ಯದರ್ಶಿಗೆ ಕಳಿಸಿ: ‘ಸಚಿವರು ಇಷ್ಟನ್ನು ಕೊಡುವುದಾಗಿ ಹೇಳಿದ್ದಾರೆ.’ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿ. ವರದಿ ಬಂದಿಲ್ಲ ಎಂದರೆ ಮಂಗಳವಾರ ಮತ್ತೆ ಮಾಡಿ. ಆ ವಾರದಲ್ಲೇ ಒಂದು ದಿನ ಬಕೆಟ್ ಹಿಡಿದು ಅದೇ ಊರಿನ ಕೊನೆಯ ಬೀದಿಗೆ ಇನ್ನೊಮ್ಮೆ ಹೋಗಿ ಬನ್ನಿ. ಸಂದರ್ಶನ ಅಚ್ಚಾದ ಎರಡನೆಯ ದಿನಕ್ಕೆ ಟ್ಯಾಂಕಿನ ವಾಲ್ವ್ ತಿರುಗಿಸಿ ಆ ಬೀದಿಗೆ ನೀರು ಬಿಟ್ಟಿರುತ್ತಾರೆ, ಕೆಲವೊಮ್ಮೆ ಒಂದೇ ವಾರದ ಮಟ್ಟಿಗೆ.